ದೂರು ಹೊಟ್ಟೆಯದು, ರೋಗ ಹೃದಯದ್ದು

ಹೃದ್ರೋಗ ಎಂದೊಡನೆ ನಮಗೆ ನೆನಪಾಗುವುದು ಎದೆನೋವು. ಎಡಗೈಗೆ ಹರಡುವ ನೋವು, ಬೆವರು, ಉಬ್ಬಸ ಇವಿಷ್ಟು ಹೃದಯದ ಲಕ್ಷಣಗಳೆಂದೂ, ಹಸಿವಿಲ್ಲದಿರುವುದು, ವಾಕರಿಕೆ, ಹೊಟ್ಟೆಯುಬ್ಬರ ಇವೆಲ್ಲ ‘ಗ್ಯಾಸ್ಟ್ರಿಕ್’ ಎಂದೂ ನಾವು ಮನಸ್ಸಿನಲ್ಲೇ ಎರಡು ಖಾತೆ ತೆರೆದಿಟ್ಟಿರುತ್ತೇವೆ. ಆದರೆ ಹೃದಯ ದುರ್ಬಲವಾದಾಗ ಎಷ್ಟೋ ಸಲ ಮೊದಲು ದೂರು ಕೊಡುವುದು ಹೊಟ್ಟೆಯೇ. ಅದರಲ್ಲೂ ಹದಿನಾಲ್ಕು, ಹದಿನೈದರಿಂದ ಇಪ್ಪತ್ತು ವರ್ಷದೊಳಗಿನ ಹುಡುಗ ಹುಡುಗಿಯರಲ್ಲಿ ಹೀಗಾಗುವುದನ್ನು ಹೃದ್ರೋಗ ವೈದ್ಯರು ಮತ್ತೆ ಮತ್ತೆ ಕಂಡಿದ್ದಾರೆ. ಎದೆಯ ನೋವಿಲ್ಲ, ಕಾಲಿನ ಬಾವಿಲ್ಲ. ಊಟ ಸೇರುವುದಿಲ್ಲ, ಅಷ್ಟೆ. ಓದುವ ಮಕ್ಕಳು ಊಟ ಬಿಡುವುದಕ್ಕೆ ಮನೆಯವರ ಬಳಿ ಬೇಕಾದಷ್ಟು ಕಾರಣಗಳು ಸಿದ್ಧವಾಗಿರುತ್ತವೆ: ಪರೀಕ್ಷೆಯ ಭಯ, ನಿದ್ದೆಗೇಡು, ಹೋಟೆಲ್ ತಿಂಡಿ. ಹೀಗಾಗಿ ರೋಗ ಬಯಲಾಗುವುದು ತಡವಾಗುತ್ತದೆ.

ಈ ವಾರ ಅಂಥದೊಂದು ಉದಾಹರಣೆಯನ್ನು ಮೊದಲಿನಿಂದ ಕೊನೆಯವರೆಗೆ ನೋಡೋಣ. ಇದು ಯಾರೋ ಒಬ್ಬ ಹುಡುಗನ ಕಥೆಯಲ್ಲ. ಈ ರೋಗ ಸಾಮಾನ್ಯವಾಗಿ ಹಿಡಿಯುವ ದಾರಿಯನ್ನು ತೋರಿಸಲು ಕಟ್ಟಿಕೊಂಡ ಚಿತ್ರ. ಹುಡುಗನನ್ನು ರವಿ ಎಂದು ಕರೆಯೋಣ.

ನಾಲ್ಕು ವಾರಗಳ ಕಥೆ

ರವಿಗೆ ಹದಿನೇಳು ವರ್ಷ. ತಾಲ್ಲೂಕು ಕೇಂದ್ರವೊಂದರಲ್ಲಿ ದ್ವಿತೀಯ ಪಿಯುಸಿ ಓದುತ್ತಿದ್ದಾನೆ. ತೂಕ 52 ಕಿಲೋ. ಮಳೆಗಾಲದಲ್ಲಿ ಒಮ್ಮೆ ಜ್ವರ, ನೆಗಡಿ ಬಂದು ಹೋಗಿತ್ತು. ಅದಾದ ಕೆಲವು ವಾರಗಳ ಮೇಲೆ ಊಟದ ತಟ್ಟೆಯಲ್ಲಿ ಅನ್ನ ಉಳಿಯತೊಡಗಿತು. ಆರು ಇಡ್ಲಿ ತಿನ್ನುತ್ತಿದ್ದವನು ಎರಡಕ್ಕೇ ಕೈತೊಳೆಯುತ್ತಿದ್ದ. “ಇನ್ನೊಂದು ಹಾಕಿಸ್ಕೊಳ್ಳೋ” ಎಂದರೆ “ಸಾಕಮ್ಮ, ಹೊಟ್ಟೆ ತುಂಬಿಹೋಯ್ತು” ಎನ್ನುತ್ತಿದ್ದ. ಇಲ್ಲಿ ಒಂದು ಸೂಕ್ಷ್ಮವಿದೆ. ಅವನಿಗೆ ಹಸಿವೇ ಆಗುತ್ತಿರಲಿಲ್ಲವೆಂದಲ್ಲ. ಹಸಿದು ಕುಳಿತರೂ ನಾಲ್ಕು ತುತ್ತಿಗೆ ಹೊಟ್ಟೆ ಬಿಗಿಯುತ್ತಿತ್ತು.

ಎರಡನೇ ವಾರ ಬೆಳಗಿನ ಹೊತ್ತು ವಾಕರಿಕೆ ಶುರುವಾಯಿತು. ಔಷಧಿ ಅಂಗಡಿಯಿಂದ ಆಮ್ಲ ಕಡಿಮೆ ಮಾಡುವ ಗುಳಿಗೆ ಬಂತು. ಊಟವಾದ ಮೇಲೆ ನೀರಿಗೆ ಹಾಕಿದರೆ ನೊರೆಯೇಳುವ ಸೋಡಾ ಪುಡಿಯೂ ಬಂತು. ತೇಗು ಬಂದಾಗ ಒಂದು ಗಳಿಗೆ ಹಾಯೆನಿಸುತ್ತಿತ್ತು, ಅಷ್ಟೆ. ಇದೇ ಸಮಯದಲ್ಲಿ ಅವನು ಸಂಜೆಯ ಕ್ರಿಕೆಟ್ ಬಿಟ್ಟ. “ಓದೋದಿದೆ” ಎಂದ. ಮನೆಯವರಿಗೆ ಸಂತೋಷವೇ ಆಯಿತು.

ಮೂರನೇ ವಾರ ಎರಡು ದಿನ ವಾಂತಿಯಾಯಿತು. ಬಲ ಪಕ್ಕೆಲುಬಿನ ಕೆಳಗೆ ಭಾರ, ಮುಟ್ಟಿದರೆ ನೋವು. ರಕ್ತಪರೀಕ್ಷೆಯಲ್ಲಿ ಲಿವರ್‌ನ ಅಂಶಗಳು ಏರಿದ್ದವು. ಪಿತ್ತದ ಬಣ್ಣವಾದ ಬಿಲಿರುಬಿನ್ 1.8 ಇತ್ತು, ಇರಬೇಕಾದುದಕ್ಕಿಂತ ಸ್ವಲ್ಪ ಹೆಚ್ಚು. ಕಾಮಾಲೆ ಎಂಬ ತೀರ್ಮಾನವಾಯಿತು. ಕಾಮಾಲೆ ತರುವ ವೈರಸ್‌ಗಳ ಪರೀಕ್ಷೆ ಮಾಡಿಸಿದರೆ ಯಾವುದೂ ಸಿಗಲಿಲ್ಲ. ಆದರೂ ಎಣ್ಣೆ ಬಿಟ್ಟು ಪಥ್ಯ ಹಿಡಿಸಿ, ಊರಿನ ನಾಟಿ ಔಷಧಿ ಕೊಡಿಸಿದರು. ಹೊಟ್ಟೆಯ ಸ್ಕ್ಯಾನ್‌ನಲ್ಲಿ ಲಿವರ್ ದೊಡ್ಡದಾಗಿದೆ, ಪಿತ್ತಕೋಶದ ಗೋಡೆ ದಪ್ಪವಾಗಿದೆ ಎಂದು ಬಂತು. ಪಿತ್ತಕೋಶದ ಸೋಂಕಿರಬಹುದೇ ಎಂಬ ಮಾತೂ ಎದ್ದಿತು.

ನಾಲ್ಕನೇ ವಾರ ಹುಡುಗ ಸೋತುಹೋದ. ಊಟವಿಲ್ಲ, ಕಣ್ಣು ಗುಳಿಬಿದ್ದಿದೆ, ನಿಶ್ಶಕ್ತಿ ಎಂದು ಎರಡು ಬಾಟಲಿ ಸಲೈನ್ ಹಾಕಿಸಿದರು. ಅಂದು ರಾತ್ರಿ ಮಲಗಿದರೆ ಕೆಮ್ಮು, ಎದ್ದು ಕುಳಿತರೆ ಸಮಾಧಾನ. ಮರುದಿನ ಕಾಲೇಜಿನ ಪ್ಯಾಂಟಿನ ಗುಂಡಿ ಹಾಕಲು ಬರಲಿಲ್ಲ. ತೂಕ ನೋಡಿದರೆ 55 ಕಿಲೋ. ಒಂದು ತಿಂಗಳು ಸರಿಯಾಗಿ ಊಟ ಮಾಡದ ಹುಡುಗ ಮೂರು ಕಿಲೋ ಹೆಚ್ಚಿದ್ದ!

ಆ ದಿನ ಅವನನ್ನು ನೋಡಿದ ವೈದ್ಯರು ಹೊಟ್ಟೆಯ ಮೇಲೆ ಕೈಯಿಡುವ ಮುಂಚೆ ನಾಡಿ ಹಿಡಿದು ಪೂರ್ತಿ ಒಂದು ನಿಮಿಷ ಎಣಿಸಿದರು. 124. ಜ್ವರವಿಲ್ಲ, ಓಡಿ ಬಂದಿಲ್ಲ, ಅರ್ಧ ಗಂಟೆಯಿಂದ ಬೆಂಚಿನ ಮೇಲೆ ಕುಳಿತಿದ್ದಾನೆ. ನಂತರ ಅವರು ನೋಡಿದ್ದು ಕುತ್ತಿಗೆಯನ್ನು. ಕತ್ತಿನ ರಕ್ತನಾಳ ಕಿವಿಯ ಹತ್ತಿರದವರೆಗೂ ಉಬ್ಬಿ ಮಿಡಿಯುತ್ತಿತ್ತು. “ನೋಡಿಮ್ಮ, ಇದು ಹೊಟ್ಟೆಯದಲ್ಲ. ಇವತ್ತೇ ಎಕೋ ಮಾಡಿಸಬೇಕು” ಎಂದರು. ಎಕೋದಲ್ಲಿ ಹೃದಯ ಹಿಗ್ಗಿಹೋಗಿರುವುದು ಕಂಡಿತು. ಪ್ರತಿ ಮಿಡಿತಕ್ಕೂ ಎಡ ಹೃತ್ಕುಕ್ಷಿ ತನ್ನಲ್ಲಿರುವ ರಕ್ತದಲ್ಲಿ ಶೇಕಡಾ 55ಕ್ಕಿಂತ ಹೆಚ್ಚನ್ನು ಹೊರದೂಡಬೇಕು. ರವಿಯ ಹೃದಯ ದೂಡುತ್ತಿದ್ದುದು ಶೇಕಡಾ 22 ಮಾತ್ರ. ಹೃದಯದ ಸ್ನಾಯುವೇ ಸೊರಗಿ ಹಿಗ್ಗುವ ಈ ರೋಗಕ್ಕೆ ಡೈಲೇಟೆಡ್ ಕಾರ್ಡಿಯೋಮಯೋಪತಿ ಎಂದು ಹೆಸರು. ವೈರಸ್ ಸೋಂಕು ಹೃದಯದ ಸ್ನಾಯುವಿಗೆ ತಗುಲುವುದು ಇದಕ್ಕೆ ಒಂದು ಕಾರಣ. ವಂಶವಾಹಿಗಳ ದೋಷ ಇನ್ನೊಂದು.

ಹೃದಯ ಸೋತರೆ ಹೊಟ್ಟೆ ಏಕೆ ಉಬ್ಬಬೇಕು?

‘ಹೃದಯ ವೈಫಲ್ಯ’ ಎಂಬ ಮಾತು ಕೇಳಿ ಹೃದಯ ನಿಂತೇಹೋಯಿತೆಂದು ಅನೇಕರು ಗಾಬರಿಯಾಗುತ್ತಾರೆ. ನಿಂತಿರುವುದಿಲ್ಲ. ಬಂದ ರಕ್ತವನ್ನು ಬಂದ ವೇಗದಲ್ಲೇ ಮುಂದಕ್ಕೆ ತಳ್ಳಲು ಅದಕ್ಕೆ ಆಗುತ್ತಿಲ್ಲ ಎಂದಷ್ಟೇ ಅರ್ಥ.

ಮನೆಯ ಅಂಗಳದ ಸಂಪನ್ನು ನೆನೆಸಿಕೊಳ್ಳಿ. ನೀರು ಬಂದು ಬೀಳುತ್ತಲೇ ಇದೆ, ಮೋಟಾರು ಮೇಲಕ್ಕೆ ಎತ್ತುತ್ತಲೇ ಇದೆ. ಮೋಟಾರು ದುರ್ಬಲವಾದರೆ ಎರಡು ತೊಂದರೆ ಒಟ್ಟಿಗೇ ಆಗುತ್ತವೆ. ಮೇಲಿನ ಟ್ಯಾಂಕಿಗೆ ನೀರು ಸಾಲದು, ಕೆಳಗೆ ಸಂಪು ತುಂಬಿ ನೀರು ಬಂದ ದಾರಿಯಲ್ಲೇ ಹಿಂದಕ್ಕೆ ನಿಲ್ಲುತ್ತದೆ. ಹೃದಯದಲ್ಲೂ ಹಾಗೆಯೇ. ಎಡಭಾಗ ಸೋತರೆ ಶ್ವಾಸಕೋಶದಿಂದ ಬರುವ ರಕ್ತ ಅಲ್ಲಿಯೇ ಹಿಂದೆ ನಿಲ್ಲುತ್ತದೆ. ಆ ಒತ್ತಡದ ಎದುರು ರಕ್ತ ತಳ್ಳಿ ತಳ್ಳಿ ಬಲಭಾಗವೂ ಸೋಲುತ್ತದೆ. ಎಷ್ಟೋ ವೇಳೆ ರವಿಯಂತೆ ಎರಡೂ ಭಾಗಗಳ ಸ್ನಾಯು ಒಟ್ಟಿಗೇ ಕೆಟ್ಟಿರುತ್ತದೆ. ಆಗ ಇಡೀ ದೇಹದಿಂದ ಬರುವ ಅಶುದ್ಧ ರಕ್ತ ಬಲ ಹೃತ್ಕರ್ಣದ ಬಾಗಿಲಲ್ಲಿ ಕಾಯುತ್ತ ನಿಲ್ಲುತ್ತದೆ. ಆರೋಗ್ಯವಂತರಲ್ಲಿ ಬಲ ಹೃತ್ಕರ್ಣದ ಒತ್ತಡ ಪಾದರಸದ 2ರಿಂದ 6 ಮಿಲಿಮೀಟರಿನಷ್ಟು ಮಾತ್ರ. ನಾವು ಬಿ.ಪಿ. ಎಂದು ಅಳೆಯುವ 120ರ ಎದುರು ಇದು ಏನೂ ಅಲ್ಲ. ಹೃದಯ ಸೋತಾಗ ಇದೇ ಒತ್ತಡ 15, 20ಕ್ಕೆ ಏರಬಹುದು.

ಈ ಹಿಂದೊತ್ತಡ ಮೊದಲು ತಟ್ಟುವ ಅಂಗಗಳಲ್ಲಿ ಲಿವರ್ ಮುಖ್ಯವಾದುದು. ಹೈಸ್ಕೂಲಿನ ಜೀವಶಾಸ್ತ್ರ ಪುಸ್ತಕದ ರಕ್ತಪರಿಚಲನೆಯ ಚಿತ್ರ ತೆಗೆದು ನೋಡಿದರೆ ಕಾರಣ ತಾನಾಗಿ ತಿಳಿಯುತ್ತದೆ. ಜಠರ ಮತ್ತು ಕರುಳಿನ ರಕ್ತ ನೇರವಾಗಿ ಹೃದಯಕ್ಕೆ ಹೋಗುವುದಿಲ್ಲ. ಪೋರ್ಟಲ್ ಅಭಿಧಮನಿಯ ಮೂಲಕ ಮೊದಲು ಲಿವರ್‌ಗೆ ಹೋಗಿ, ಅಲ್ಲಿ ಸೋಸಿಕೊಂಡು, ಲಿವರ್‌ನ ಅಭಿಧಮನಿಗಳ ಮೂಲಕ ಕೆಳ ಮಹಾ ಅಭಿಧಮನಿಗೆ ಬೀಳುತ್ತದೆ. ಆ ಜಾಗ ಹೃದಯಕ್ಕೆ ತೀರಾ ಹತ್ತಿರ. ಹೃದಯ ಪಂಪು ಮಾಡುವ ರಕ್ತದ ಸುಮಾರು ನಾಲ್ಕನೇ ಒಂದು ಭಾಗ ಲಿವರ್ ಮೂಲಕವೇ ಹಾದುಹೋಗುತ್ತದೆ. ಅದರಲ್ಲಿ ಮುಕ್ಕಾಲು ಪಾಲು ಕರುಳಿನ ಕಡೆಯಿಂದ ಬಂದದ್ದು. ಕಾಲಿನ ಅಭಿಧಮನಿಗಳಲ್ಲಿ ರಕ್ತ ಹಿಂದಕ್ಕೆ ಬಾರದಂತೆ ತಡೆಯುವ ಕವಾಟಗಳಿವೆ. ಲಿವರ್‌ನ ಅಭಿಧಮನಿಗಳಿಗೆ ಅಂಥ ಕವಾಟಗಳಿಲ್ಲ. ಹೃದಯದ ಒತ್ತಡ ನೇರವಾಗಿ ಲಿವರ್‌ಗೆ ತಟ್ಟುತ್ತದೆ. ಲಿವರ್ ರಕ್ತ ತುಂಬಿಕೊಂಡು ನೆನೆದ ಸ್ಪಂಜಿನಂತೆ ಹಿಗ್ಗುತ್ತದೆ. ಹೀಗೆ ಬಹುಕಾಲ ರಕ್ತ ಕಟ್ಟಿಕೊಂಡ ಲಿವರನ್ನು ಕತ್ತರಿಸಿ ನೋಡಿದರೆ ಒಳಗೆ ಕಪ್ಪು, ತಿಳಿ ಬಣ್ಣಗಳ ಚಿತ್ತಾರವಿರುತ್ತದೆ. ಅಡುಗೆಮನೆಯ ಜಾಯಿಕಾಯಿಯನ್ನು ಅಡ್ಡ ಕತ್ತರಿಸಿದಾಗ ಕಾಣುವಂತೆಯೇ. ವೈದ್ಯವಿದ್ಯಾರ್ಥಿಗಳು ಇದನ್ನು ‘ಜಾಯಿಕಾಯಿ ಲಿವರ್’ ಎಂದೇ ಓದುತ್ತಾರೆ.

ಲಿವರ್‌ನ ಒಳಗೆ ನೋವು ತಿಳಿಯುವ ನರಗಳಿಲ್ಲ. ಆದರೆ ಅದನ್ನು ಸುತ್ತಿರುವ ತೆಳುವಾದ ಹೊದಿಕೆಯಲ್ಲಿವೆ. ಲಿವರ್ ಬೇಗ ಹಿಗ್ಗಿದಾಗ ಆ ಹೊದಿಕೆ ಬಿಗಿಯುತ್ತದೆ. ರವಿಗೆ ಬಲ ಪಕ್ಕೆಲುಬಿನ ಕೆಳಗೆ ಇದ್ದ ಭಾರ, ನೋವು ಇದರದೇ. ಲಿವರ್‌ನ ಜೀವಕೋಶಗಳು ಒತ್ತಡಕ್ಕೆ ಸಿಕ್ಕಿ ನಲುಗಿದ್ದರಿಂದ ರಕ್ತದಲ್ಲಿ ಅದರ ಅಂಶಗಳು ಏರಿದ್ದವು, ಕಣ್ಣು ಸ್ವಲ್ಪ ಹಳದಿಯಾಗಿತ್ತು. ಅದು ಕಾಮಾಲೆಯೇ ನಿಜ, ಆದರೆ ವೈರಸ್ ತಂದದ್ದಲ್ಲ.

ನಾಲ್ಕು ತುತ್ತಿಗೆ ಹೊಟ್ಟೆ ತುಂಬುವುದು

ಒತ್ತಡ ಲಿವರ್‌ನಲ್ಲಿಯೇ ನಿಲ್ಲುವುದಿಲ್ಲ. ಅದರ ಹಿಂದಿರುವ ಪೋರ್ಟಲ್ ಅಭಿಧಮನಿಗೆ, ಅಲ್ಲಿಂದ ಜಠರ ಮತ್ತು ಕರುಳಿನ ಗೋಡೆಗೆ ಹಬ್ಬುತ್ತದೆ. ರಕ್ತನಾಳಗಳಿಂದ ನೀರಿನಂಶ ಒಸರಿ ಗೋಡೆ ಬಾತುಕೊಳ್ಳುತ್ತದೆ. ಕಾಲು ಬಾತರೆ ಕಣ್ಣಿಗೆ ಕಾಣುತ್ತದೆ. ಕರುಳು ಬಾತರೆ ಯಾರಿಗೂ ಕಾಣುವುದಿಲ್ಲ.

ನಾವು ಉಣ್ಣುವಾಗ ಆರೋಗ್ಯವಂತ ಜಠರ ಚೀಲದಂತೆ ಸಡಿಲಗೊಂಡು ಜಾಗ ಮಾಡಿಕೊಡುತ್ತದೆ. ಬಾತ ಜಠರಕ್ಕೆ ಆ ಸಡಿಲಿಕೆ ಇರುವುದಿಲ್ಲ. ಅದರ ಮುಂದೆಯೇ ಲಿವರ್‌ನ ಎಡ ಹಾಳೆ ಇದೆ, ಅದೂ ಹಿಗ್ಗಿ ಒತ್ತುತ್ತಿದೆ. ಹೊಟ್ಟೆಯ ಪೊರೆಯೊಳಗೆ ನೀರು ಸೇರಿದ್ದರೆ, ಅಂದರೆ ಜಲೋದರವಾಗಿದ್ದರೆ, ಕೆಳಗಿನಿಂದಲೂ ಒತ್ತಡ. ಹೀಗೆ ಎಲ್ಲ ಕಡೆಯಿಂದ ಸಿಕ್ಕಿಬಿದ್ದ ಜಠರ ಎರಡು ಇಡ್ಲಿಗೇ ‘ತುಂಬಿತು’ ಎಂದು ಮೆದುಳಿಗೆ ಸುದ್ದಿ ಕಳಿಸುತ್ತದೆ. ಬಿಗಿದ ಜಠರದಿಂದ ಮತ್ತು ಲಿವರ್‌ನ ಹೊದಿಕೆಯಿಂದ ಹೊರಟ ನರಗಳ ಸುದ್ದಿಯೇ ವಾಕರಿಕೆಯೂ ಆಗುತ್ತದೆ.

ಇದರ ಜೊತೆ ಇನ್ನೊಂದು ಕೊರತೆಯಿದೆ. ಊಟವಾದ ಮೇಲೆ ಜೀರ್ಣಕ್ರಿಯೆಗಾಗಿ ಕರುಳಿಗೆ ಹೆಚ್ಚು ರಕ್ತ ಬೇಕು. ಸೋತ ಹೃದಯದ ಬಳಿ ಕೊಡಲು ಹೆಚ್ಚಿನ ರಕ್ತವಿಲ್ಲ. ಆದಾಯ ಕುಸಿದ ಮನೆಯಲ್ಲಿ ಯಜಮಾನ ಮೊದಲು ಯಾವ ಖರ್ಚು ಕಡಿತ ಮಾಡಬಹುದೆಂದು ನೋಡುವಂತೆ, ದೇಹವೂ ಮೆದುಳು ಮತ್ತು ಹೃದಯದ ಪಾಲನ್ನು ಉಳಿಸಿಕೊಂಡು ಕರುಳಿನ, ಚರ್ಮದ, ಮೂತ್ರಪಿಂಡದ ಪಾಲನ್ನು ಕತ್ತರಿಸುತ್ತದೆ. ಆದ್ದರಿಂದಲೇ ಇಂಥವರಿಗೆ ಊಟವಾದ ಬಳಿಕ ಹೊಟ್ಟೆನೋವು, ವಾಕರಿಕೆ ಹೆಚ್ಚು. ಕೈಕಾಲು ತಣ್ಣಗಿರುವುದಕ್ಕೂ ಕಾರಣ ಇದೇ.

ಪಾಲು ಕಡಿಮೆಯಾದ ಮೂತ್ರಪಿಂಡ ತಪ್ಪು ಲೆಕ್ಕ ಹಾಕುತ್ತದೆ. ದೇಹದಲ್ಲಿ ನೀರೇ ಕಡಿಮೆಯಾಗಿದೆ ಎಂದು ತಿಳಿದು ಉಪ್ಪನ್ನೂ ನೀರನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಮೊದಲೇ ತುಂಬಿದ ಸಂಪಿಗೆ ಇನ್ನಷ್ಟು ನೀರು! ಊಟ ಮಾಡದ ಹುಡುಗನ ತೂಕ ಏರಿದ್ದು ಹೀಗೆ. ಒಂದು ಲೀಟರ್ ನೀರು ಎಂದರೆ ಒಂದು ಕಿಲೋ ತೂಕ.

ದಾರಿ ತಪ್ಪಿಸಿದ ನಾಲ್ಕು ಹೆಜ್ಜೆಗಳು

ರವಿಯ ಕಥೆಯಲ್ಲಿ ಯಾರೂ ಅಸಡ್ಡೆ ಮಾಡಲಿಲ್ಲ. ಮಾಡಿದ ಒಂದೊಂದು ಕೆಲಸಕ್ಕೂ ಮೇಲುನೋಟಕ್ಕೆ ಕಾರಣವಿತ್ತು. ಆದರೆ ಆ ಕೆಲಸಗಳು ರೋಗವನ್ನು ಮರೆಮಾಡಿದವು, ಕೆಲವು ಹೆಚ್ಚೂ ಮಾಡಿದವು.

ಮೊದಲನೆಯದು ಸೋಡಾ ಪುಡಿ. ನೀರಿನಲ್ಲಿ ನೊರೆಯೇಳುವ ಈ ಪುಡಿಗಳಲ್ಲಿರುವುದು ಬಹುಪಾಲು ಸೋಡಿಯಂ ಬೈಕಾರ್ಬೊನೇಟ್. ಉಪ್ಪಿನಲ್ಲಿರುವ ಸೋಡಿಯಮ್ಮೇ ಇದರಲ್ಲೂ ಇದೆ. ನೀರನ್ನು ಹಿಡಿದಿಡುವುದು ಸೋಡಿಯಂ. ಹೃದಯ ಸೋತವರು ದಿನಕ್ಕೆರಡು ಸಲ ಇದನ್ನು ಕುಡಿದರೆ ಉಪ್ಪು ತಿಂದಂತೆಯೇ.

ಎರಡನೆಯದು ಲಿವರ್ ಪರೀಕ್ಷೆಯ ವರದಿ. ಲಿವರ್‌ನ ಅಂಶಗಳು ಏರಿದ್ದು ಲಿವರ್‌ಗೆ ಪೆಟ್ಟಾಗಿದೆ ಎಂದು ಹೇಳುತ್ತದೆ. ಪೆಟ್ಟು ಎಲ್ಲಿಂದ ಬಂತೆಂದು ಹೇಳುವುದಿಲ್ಲ. ವೈರಸ್ ಪರೀಕ್ಷೆಗಳೆಲ್ಲ ಇಲ್ಲವೆಂದು ಬಂದಾಗ ‘ಹಾಗಾದರೆ ಮತ್ತೇನು?’ ಎಂಬ ಪ್ರಶ್ನೆ ಬರಬೇಕಿತ್ತು.

ಮೂರನೆಯದು ಸ್ಕ್ಯಾನ್. ಪಿತ್ತಕೋಶದ ಗೋಡೆ ದಪ್ಪವಾಗುವುದು ಸೋಂಕಿನಿಂದ ಮಾತ್ರವಲ್ಲ, ಹಿಂದೊತ್ತಡದಿಂದ ಬಾತಾಗಲೂ ದಪ್ಪವಾಗಿಯೇ ಕಾಣುತ್ತದೆ. ಅದನ್ನು ನಂಬಿ ಪಿತ್ತಕೋಶ ತೆಗೆಯಲು ಹೊರಟರೆ, ಸೋತ ಹೃದಯದ ಮೇಲೆ ಅರಿವಳಿಕೆಯ ಭಾರವೂ ಬೀಳುತ್ತದೆ. ಅದೇ ಸ್ಕ್ಯಾನ್‌ನಲ್ಲಿ ನಿಜವಾದ ಸುಳಿವೂ ಇರುತ್ತದೆ. ಕೆಳ ಮಹಾ ಅಭಿಧಮನಿ ಉಸಿರೆಳೆದಾಗ ಕುಗ್ಗಬೇಕು. ವಯಸ್ಕರಲ್ಲಿ ಅದು 2.1 ಸೆಂಟಿಮೀಟರಿಗಿಂತ ಅಗಲವಾಗಿದ್ದು, ಮೂಗಿನಿಂದ ಜೋರಾಗಿ ಉಸಿರೆಳೆದರೂ ಅರ್ಧದಷ್ಟು ಕುಗ್ಗದಿದ್ದರೆ ಬಲ ಹೃತ್ಕರ್ಣದ ಒತ್ತಡ ಏರಿದೆ ಎಂದರ್ಥ. ವರದಿಯಲ್ಲಿ ಲಿವರ್‌ನ ಅಭಿಧಮನಿಗಳು ಹಿಗ್ಗಿವೆ ಎಂಬ ಸಾಲಿದ್ದರೆ ಅದು ಹೃದಯದ ಕಡೆಗೇ ಬೆರಳು ತೋರಿಸುತ್ತದೆ.

ನಾಲ್ಕನೆಯದು, ಎಲ್ಲಕ್ಕಿಂತ ಅಪಾಯಕಾರಿಯಾದದ್ದು, ನಿಶ್ಶಕ್ತಿಗೆಂದು ಹಾಕಿಸಿದ ಸಲೈನ್. ಒಂದು ಲೀಟರ್ ನಾರ್ಮಲ್ ಸಲೈನ್‌ನಲ್ಲಿ 9 ಗ್ರಾಂ ಉಪ್ಪಿರುತ್ತದೆ. ಆರೋಗ್ಯವಂತ ವಯಸ್ಕರೇ ದಿನಕ್ಕೆ 5 ಗ್ರಾಂ ಉಪ್ಪು ಮೀರಬಾರದೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ರವಿಗೆ ಅರ್ಧರ್ಧ ಲೀಟರಿನ ಎರಡು ಬಾಟಲಿಗಳಲ್ಲಿ ಒಂದು ಲೀಟರ್ ನೀರು, 9 ಗ್ರಾಂ ಉಪ್ಪು ಕೆಲವೇ ಗಂಟೆಗಳಲ್ಲಿ ರಕ್ತಕ್ಕೆ ಸೇರಿತು. ಆ ರಾತ್ರಿಯ ಕೆಮ್ಮು ಶ್ವಾಸಕೋಶಕ್ಕೂ ನೀರು ಏರಿದ್ದರ ಗುರುತು. ವಾಂತಿ ಭೇದಿಯಿಂದ ನೀರು ಕಳೆದುಕೊಂಡವರಿಗೆ ಸಲೈನ್ ಜೀವ ಉಳಿಸುತ್ತದೆ. ಕಾರಣ ತಿಳಿಯದ ನಿಶ್ಶಕ್ತಿಗೆ ಅದು ಟಾನಿಕ್ ಅಲ್ಲ.

ಮನೆಯಲ್ಲಿ ಗುರುತಿಸುವುದು ಹೇಗೆ?

ಇಲ್ಲಿ ಒಂದು ಮಾತು ಸ್ಪಷ್ಟವಾಗಿ ಹೇಳಬೇಕು. ಊಟ ಸೇರದ ಮಕ್ಕಳಲ್ಲಿ ಬಹುಪಾಲು ಮಂದಿಯ ಹೃದಯ ಸರಿಯಾಗಿಯೇ ಇರುತ್ತದೆ. ಹೃದಯದ ಸ್ನಾಯುವಿನ ಈ ರೋಗ ಮಕ್ಕಳಲ್ಲಿ ಅಪರೂಪ. ಪ್ರತಿಯೊಂದು ತೇಗಿಗೂ ಎಕೋ ಮಾಡಿಸಬೇಕಾಗಿಲ್ಲ. ಹೊಟ್ಟೆಯ ದೂರಿನ ಜೊತೆ ಇನ್ನೇನಿದೆ ಎಂಬುದನ್ನು ನೋಡಬೇಕು.

ಆಮ್ಲದ ತೊಂದರೆಯಲ್ಲಿ ಸಾಮಾನ್ಯವಾಗಿ ಉರಿ ಇರುತ್ತದೆ. ಹೊಟ್ಟೆ ಖಾಲಿಯಿದ್ದಾಗಲೋ ಖಾರ ತಿಂದಾಗಲೋ ಹೆಚ್ಚಾಗುತ್ತದೆ, ಗುಳಿಗೆಗೆ ಬಗ್ಗುತ್ತದೆ. ಆಟ, ಓಟ ಮಾಮೂಲಿನಂತೆ ನಡೆಯುತ್ತವೆ. ಹೃದಯದಿಂದ ಬಂದ ತೊಂದರೆಯಲ್ಲಿ ಉರಿಗಿಂತ ಬಿಗಿತ ಹೆಚ್ಚು, ಗುಳಿಗೆಗೆ ಬಗ್ಗುವುದಿಲ್ಲ. ಹುಡುಗ ಸದ್ದಿಲ್ಲದೆ ತನ್ನ ಓಡಾಟ ಕಡಿಮೆ ಮಾಡಿಕೊಂಡಿರುತ್ತಾನೆ. ‘ಸುಸ್ತಾಗುತ್ತದೆಯೇ?’ ಎಂದು ಕೇಳಿದರೆ ಇಲ್ಲವೆನ್ನುತ್ತಾನೆ, ಏಕೆಂದರೆ ಸುಸ್ತಾಗುವಂಥದ್ದನ್ನು ಬಿಟ್ಟಾಗಿದೆ. ಬದಲಿಗೆ ‘ಎರಡು ತಿಂಗಳ ಹಿಂದೆ ಮಾಡುತ್ತಿದ್ದು ಈಗ ಬಿಟ್ಟಿರುವುದು ಏನು?’ ಎಂದು ಕೇಳಿ. ಸೈಕಲ್ಲು ಬಿಟ್ಟು ಬಸ್ಸು ಹಿಡಿದಿರಬಹುದು, ಮಹಡಿ ಮೆಟ್ಟಿಲಲ್ಲಿ ಒಮ್ಮೆ ನಿಲ್ಲುತ್ತಿರಬಹುದು.

ನಾಡಿಯನ್ನು ನೀವೇ ಎಣಿಸಬಹುದು. ಹತ್ತು ನಿಮಿಷ ಸುಮ್ಮನೆ ಕೂರಿಸಿ, ಮಣಿಕಟ್ಟಿನಲ್ಲಿ ಹೆಬ್ಬೆರಳಿನ ಬುಡದ ಕಡೆ ಎರಡು ಬೆರಳಿಟ್ಟು, ಗಡಿಯಾರ ನೋಡುತ್ತ ಪೂರ್ತಿ ಅರವತ್ತು ಸೆಕೆಂಡು ಎಣಿಸಿ. ಈ ವಯಸ್ಸಿನವರಲ್ಲಿ ಸಾಮಾನ್ಯವಾಗಿ 60ರಿಂದ 100ರ ಒಳಗಿರುತ್ತದೆ. ಜ್ವರವಿಲ್ಲದೆ, ಎರಡು ಮೂರು ಸಲ ಬೇರೆ ಬೇರೆ ಹೊತ್ತಿನಲ್ಲಿ ಎಣಿಸಿದರೂ 100 ಮೀರುತ್ತಿದ್ದರೆ ಕಾರಣ ಹುಡುಕಲೇಬೇಕು. ರಕ್ತಹೀನತೆ, ಥೈರಾಯ್ಡ್ ದೋಷಗಳಿಂದಲೂ ಹೀಗಾಗುತ್ತದೆ. ಅವನ್ನೂ ವೈದ್ಯರೇ ನೋಡುತ್ತಾರೆ.

ತೂಕವನ್ನು ಬೆಳಿಗ್ಗೆ ಮೂತ್ರ ಮಾಡಿ ಬಂದ ಮೇಲೆ, ತಿಂಡಿಗೆ ಮುಂಚೆ, ಒಂದೇ ಬಗೆಯ ಬಟ್ಟೆಯಲ್ಲಿ ನೋಡಿ ಬರೆದಿಡಿ. ಊಟ ಕಡಿಮೆಯಾದರೂ ತೂಕ ಇಳಿಯದಿದ್ದರೆ, ಅಥವಾ ತೋಳು ತೆಳ್ಳಗಾಗಿ ಹೊಟ್ಟೆ ಮಾತ್ರ ಬಿಗಿಯಾಗುತ್ತಿದ್ದರೆ ಅದು ಕೊಬ್ಬಲ್ಲ, ನೀರು. ಮಲಗಿದಾಗ ಕೆಮ್ಮು, ಎರಡು ದಿಂಬು ಬೇಕೆನ್ನುವುದು, ಮೂತ್ರ ಕಡಿಮೆಯಾಗುವುದು ಇವನ್ನೂ ಗಮನಿಸಿ. ಕಾಲು ಬಾತಿಲ್ಲವಲ್ಲ ಎಂದು ಸಮಾಧಾನಪಡಬೇಡಿ. ಎಳೆಯರಲ್ಲಿ ಕಾಲು ಬಾಯುವುದು ಕಡಿಮೆ. ಕೂತಲ್ಲೇ ಏದುಸಿರು, ತಲೆಸುತ್ತಿ ಬೀಳುವುದು, ತುಟಿ ನೀಲಿಯಾಗುವುದು ಇದ್ದರೆ ಆ ಗಳಿಗೆಯಲ್ಲೇ ಆಸ್ಪತ್ರೆಗೆ ಹೊರಡಬೇಕು.

ವೈದ್ಯರು ಮಾಡುವ ಒಂದು ಸರಳ ಪರೀಕ್ಷೆ ತಿಳಿದುಕೊಳ್ಳುವಂಥದ್ದು. ರೋಗಿಯನ್ನು ಓರೆಯಾಗಿ ಒರಗಿಸಿ, ಹೊಟ್ಟೆಯನ್ನು ಹತ್ತು ಹದಿನೈದು ಸೆಕೆಂಡು ಮೆಲ್ಲಗೆ ಒತ್ತಿ ಹಿಡಿದು ಕತ್ತಿನ ರಕ್ತನಾಳವನ್ನು ನೋಡುತ್ತಾರೆ. ಒತ್ತಿದಾಗ ಹೊಟ್ಟೆಯ ರಕ್ತ ಹೃದಯದ ಕಡೆಗೆ ನುಗ್ಗುತ್ತದೆ. ಗಟ್ಟಿ ಹೃದಯ ಅದನ್ನು ಕೆಲವು ಮಿಡಿತಗಳಲ್ಲಿ ಮುಂದೆ ಸಾಗಿಸಿಬಿಡುತ್ತದೆ. ಸೋತ ಹೃದಯಕ್ಕೆ ಆಗದು, ಒತ್ತಿರುವಷ್ಟು ಹೊತ್ತೂ ಕತ್ತಿನ ನಾಳ ಉಬ್ಬಿಯೇ ಇರುತ್ತದೆ. ಲಂಡನ್ನಿನ ವೈದ್ಯ ವಿಲಿಯಂ ಪಾಶ್ಚರ್ 1885ರಲ್ಲಿ ಈ ಗುರುತನ್ನು ವಿವರಿಸಿದರು. ಹುಚ್ಚುನಾಯಿ ಕಡಿತಕ್ಕೆ ಲಸಿಕೆ ಕೊಟ್ಟ ಲೂಯಿ ಪಾಶ್ಚರ್ ಬೇರೆ, ಇವರು ಬೇರೆ. ಹೊಟ್ಟೆ ಮತ್ತು ಹೃದಯದ ನಂಟನ್ನು ಕಣ್ಣಿಗೆ ತೋರಿಸುವ ಈ ಪರೀಕ್ಷೆಗೆ ಯಂತ್ರವೇ ಬೇಡ. ಆದರೆ ಮನೆಯಲ್ಲಿ ಮಾಡಿ ನೋಡುವಂಥದ್ದಲ್ಲ.

ಚಿಕಿತ್ಸೆ ಮತ್ತು ಮರಳಿದ ಹಸಿವು

ರವಿಗೆ ಮೊದಲು ಕೊಟ್ಟದ್ದು ಮೂತ್ರ ಹೆಚ್ಚಿಸುವ ಫ್ಯೂರೋಸಿಮೈಡ್, ಅದೂ ಇಂಜೆಕ್ಷನ್ ಮೂಲಕ. ಗುಳಿಗೆ ಸಾಲದೇ ಎಂದು ತಂದೆ ಕೇಳಿದರು. ಬಾತ ಕರುಳು ಆಹಾರವನ್ನು ಮಾತ್ರವಲ್ಲ, ಗುಳಿಗೆಯನ್ನೂ ನಿಧಾನವಾಗಿ ಹೀರುತ್ತದೆ. ಔಷಧಿ ತಡೆತಡೆದು ರಕ್ತಕ್ಕೆ ಸೇರಿದರೆ ಬೇಕಾದ ಮಟ್ಟ ಮುಟ್ಟುವುದಿಲ್ಲ. ಆದ್ದರಿಂದ ಬಾವು ಇಳಿಯುವವರೆಗೆ ರಕ್ತನಾಳದ ದಾರಿ, ಆಮೇಲೆ ಗುಳಿಗೆ.

ಎಂಟು ದಿನಗಳಲ್ಲಿ ತೂಕ 55ರಿಂದ 48.5ಕ್ಕೆ ಇಳಿಯಿತು. ಆರೂವರೆ ಲೀಟರಿನಷ್ಟು ನೀರು ಹೊರಹೋಗಿತ್ತು. ಆಗ ಕಂಡದ್ದು ಹುಡುಗನ ನಿಜವಾದ ತೂಕ. ಕಾಯಿಲೆಗೆ ಮುಂಚೆ 52 ಇದ್ದವನು ಈ ತಿಂಗಳಲ್ಲಿ ಮೂರೂವರೆ ಕಿಲೋ ಮೈ ಕಳೆದುಕೊಂಡಿದ್ದ. ಸೇರಿಕೊಂಡ ನೀರು ಅದನ್ನು ತಕ್ಕಡಿಯಿಂದ ಮುಚ್ಚಿಟ್ಟಿತ್ತು. ನಾಲ್ಕನೇ ದಿನ ಅವನು ಮೂರನೇ ಇಡ್ಲಿ ಕೇಳಿದ. ಜಠರಕ್ಕೆ ಯಾವ ಔಷಧಿಯನ್ನೂ ಕೊಟ್ಟಿರಲಿಲ್ಲ. ಹಿಂದೊತ್ತಡ ಇಳಿದಿತ್ತು, ಅಷ್ಟೆ. ಲಿವರ್‌ನ ಅಂಶಗಳೂ ಮುಂದಿನ ವಾರಗಳಲ್ಲಿ ಇಳಿದವು.

ನೀರು ಇಳಿಸುವುದು ಉಪಶಮನ ಮಾತ್ರ. ಹೃದಯದ ಹೊರೆ ಇಳಿಸುವ ಎನಲಾಪ್ರಿಲ್, ಸ್ಪೈರೊನೊಲ್ಯಾಕ್ಟೋನ್, ಬೀಟಾ ಬ್ಲಾಕರ್ ಮುಂತಾದ ಔಷಧಿಗಳನ್ನು ಚಿಕ್ಕ ಪ್ರಮಾಣದಿಂದ ಶುರುಮಾಡಿ ಮೆಲ್ಲನೆ ಏರಿಸುತ್ತಾರೆ. ಇವುಗಳಿಂದ ಕೆಲವರ ಹೃದಯ ತಿಂಗಳುಗಳಲ್ಲಿ ಬಹಳಷ್ಟು ಚೇತರಿಸಿಕೊಳ್ಳುತ್ತದೆ. ಕೆಲವರು ಅದೇ ಮಟ್ಟದಲ್ಲಿ ಉಳಿಯುತ್ತಾರೆ. ಕೆಲವರಿಗೆ ಮುಂದೆ ಹೃದಯ ಕಸಿಯ ಮಾತು ಬರುತ್ತದೆ. ಯಾರಿಗೆ ಯಾವುದು ಎಂದು ಮೊದಲ ದಿನ ಹೇಳಲಾಗದು. ಹಸಿವು ಮರಳಿತು, ಮೈ ಹಗುರವಾಯಿತು ಎಂದು ಔಷಧಿ ನಿಲ್ಲಿಸಿದವರು ಮತ್ತೆ ಅದೇ ಸ್ಥಿತಿಗೆ ಬೀಳುವುದುಂಟು.

ಮನೆಗೆ ಬಂದ ಮೇಲೆ ಉಪ್ಪಿನಕಾಯಿ, ಹಪ್ಪಳ, ಸಂಡಿಗೆ, ಬೇಕರಿ ತಿಂಡಿ, ಉಪ್ಪು ಬೆರೆಸಿದ ಮಜ್ಜಿಗೆ ಬಿಡಬೇಕು. ಮೂರು ಹೊತ್ತು ಹೊಟ್ಟೆ ತುಂಬ ಉಣ್ಣುವ ಬದಲು ಅದನ್ನೇ ಐದಾರು ಸಲಕ್ಕೆ ಹಂಚಿ ತಿಂದರೆ ಬಿಗಿತ ಕಡಿಮೆ. ತಲೆನೋವು, ಮೈಕೈನೋವಿಗೆಂದು ಐಬುಪ್ರೊಫೇನ್, ಡೈಕ್ಲೋಫೆನಾಕ್ ಗುಳಿಗೆಗಳನ್ನು ಕೇಳದೆ ನುಂಗಬಾರದು. ಅವು ಮೂತ್ರಪಿಂಡದಲ್ಲಿ ಉಪ್ಪು, ನೀರನ್ನು ಹಿಡಿದಿಡುತ್ತವೆ. ಡಿಜಾಕ್ಸಿನ್ ಎಂಬ ಹೃದಯದ ಗುಳಿಗೆ ತೆಗೆದುಕೊಳ್ಳುವವರು ಇನ್ನೊಂದು ವಿಷಯ ತಿಳಿದಿರಬೇಕು. ಅದರ ಪ್ರಮಾಣ ರಕ್ತದಲ್ಲಿ ಮಿತಿಮೀರಿದಾಗಲೂ ಹಸಿವು ಹೋಗಿ ವಾಕರಿಕೆ ಬರುತ್ತದೆ. ಅವರಲ್ಲಿ ವಾಕರಿಕೆ ಕಂಡರೆ ರೋಗ ಮರುಕಳಿಸಿತೋ ಔಷಧಿ ಹೆಚ್ಚಾಯಿತೋ ಎಂದು ವೈದ್ಯರೇ ಪರೀಕ್ಷಿಸಿ ಹೇಳಬೇಕು.

ಇತರ ಕಾರಣಗಳು

ಹೊಟ್ಟೆಯ ಮೂಲಕ ಮಾತನಾಡುವ ಹೃದ್ರೋಗ ಇದೊಂದೇ ಅಲ್ಲ. ಬಾಲ್ಯದಲ್ಲಿ ಗಂಟಲುನೋವಿನ ಬೆನ್ನಿಗೆ ಬರುವ ರುಮ್ಯಾಟಿಕ್ ಜ್ವರದಿಂದ ಹೃದಯದ ಕವಾಟ ಕೆಟ್ಟವರಲ್ಲಿ ವರ್ಷಗಳ ನಂತರ ಇದೇ ಲಕ್ಷಣಗಳು ಬರುತ್ತವೆ. ಕ್ಷಯರೋಗ ಹೃದಯದ ಹೊರಪೊರೆಗೆ ತಗುಲಿದರೆ ಪೊರೆ ಗಟ್ಟಿಯಾಗಿ ಹೃದಯವನ್ನು ಬಿಗಿದು ಹಿಡಿಯುತ್ತದೆ. ಆಗ ಕಾಲು ಬಾಯುವುದಕ್ಕೆ ಮುಂಚೆಯೇ ಹೊಟ್ಟೆಗೆ ನೀರು ತುಂಬುವುದು ಸಾಮಾನ್ಯ. ಇಂಥವರನ್ನು ವರ್ಷಗಟ್ಟಲೆ ಲಿವರ್ ರೋಗಿಗಳೆಂದೇ ನೋಡಿರುವುದುಂಟು. ಹೊಟ್ಟೆಯ ನೀರನ್ನು ಸೂಜಿಯಿಂದ ತೆಗೆದು ಪರೀಕ್ಷಿಸಿದರೆ ಒಂದು ಸುಳಿವು ಸಿಗುತ್ತದೆ. ಹೃದಯದ ಹಿಂದೊತ್ತಡದಿಂದ ಬಂದ ನೀರಿನಲ್ಲಿ ಪ್ರೋಟೀನ್ ಸಾಮಾನ್ಯವಾಗಿ 100 ಮಿಲಿಲೀಟರಿಗೆ 2.5 ಗ್ರಾಂಗಿಂತ ಹೆಚ್ಚು, ಲಿವರ್ ಗಂಟುಕಟ್ಟಿ ಬಂದ ನೀರಿನಲ್ಲಿ ಅದಕ್ಕಿಂತ ಕಡಿಮೆ. ಹೊರಪೊರೆಯ ರೋಗವನ್ನು ಸಕಾಲದಲ್ಲಿ ಗುರುತಿಸಿದರೆ ಪೊರೆಯನ್ನು ಶಸ್ತ್ರಚಿಕಿತ್ಸೆಯಿಂದ ತೆಗೆದು ಗುಣಪಡಿಸುವ ಅವಕಾಶವಿದೆ.

ರವಿಗೆ ಒಬ್ಬ ತಂಗಿ ಇದ್ದಾಳೆ. ಒಂಬತ್ತನೇ ತರಗತಿಯಲ್ಲಿ ಓದುತ್ತಿದ್ದಾಳೆ, ಆರೋಗ್ಯವಾಗಿಯೇ ಇದ್ದಾಳೆ. ಆದರೂ ವೈದ್ಯರು ಅವಳಿಗೂ ತಂದೆ ತಾಯಿಗೂ ಇ.ಸಿ.ಜಿ. ಮತ್ತು ಎಕೋ ಮಾಡಿಸಿದರು. ಈ ರೋಗ ಕೆಲವು ಕುಟುಂಬಗಳಲ್ಲಿ ವಂಶವಾಹಿಯಾಗಿ ಹರಿದುಬರುವುದರಿಂದ ಇದು ಅಗತ್ಯ. ಮೊದಲ ಪರೀಕ್ಷೆ ಸರಿಯಿದ್ದರೂ ಒಡಹುಟ್ಟಿದವರನ್ನು ಮುಂದೆ ಆಗಾಗ ನೋಡುತ್ತಿರಬೇಕು.

ರವಿಯ ತಾಯಿಗೆ ವೈದ್ಯರು ಮೂರು ಸೂಚನೆ ಬರೆದುಕೊಟ್ಟಿದ್ದಾರೆ. ದಿನಾ ಬೆಳಿಗ್ಗೆ ತೂಕ ಬರೆದಿಡುವುದು. ಮೂರು ದಿನದಲ್ಲಿ ಎರಡು ಕಿಲೋ ಏರಿದರೆ ತಕ್ಷಣ ಬರುವುದು. ತೂಕ ಏರದಿದ್ದರೂ, ಅವನು ಮತ್ತೆ ಎರಡು ಇಡ್ಲಿಗೇ ಕೈತೊಳೆದರೆ, ಮುಂದಿನ ತಪಾಸಣೆಯ ದಿನಕ್ಕೆ ಕಾಯದೆ ಕರೆದುಕೊಂಡು ಬರುವುದು.